ಮೊದಲು ಫೋನು, ಆಮೇಲೆ ಮಾತ್ರೆ

ಎದೆನೋವು ಬಂದಾಗ ಒಂದು ಆಸ್ಪಿರಿನ್ ಅಗಿಯಬೇಕು ಎಂಬ ಮಾತು ಈಗ ಹಳ್ಳಿಹಳ್ಳಿಗೂ ಗೊತ್ತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಈ ಮಾತು ಎಲ್ಲ ಮನೆಗಳಲ್ಲೂ ಬಂತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾಗಿ, ಜನ ತಪಾಸಣೆಗೆಂದು ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದಾಗ ಮತ್ತೆ ಬಂತು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಆ ಒಂದು ಸಾಲಿನ ಸಲಹೆಯಲ್ಲಿ ಮುಖ್ಯವಾದ ಸಂಗತಿಗಳೇ ಇರುವುದಿಲ್ಲ. ಯಾವ ಮಾತ್ರೆ, ಎಷ್ಟು, ನುಂಗದೆ ಯಾಕೆ ಅಗಿಯಬೇಕು, ಯಾರು ಮುಟ್ಟಲೇಬಾರದು? ಎಲ್ಲಕ್ಕಿಂತ ಹೆಚ್ಚಾಗಿ, ಆಂಬುಲೆನ್ಸಿಗೆ ಫೋನ್ ಮಾಡುವುದು ಮಾತ್ರೆಗೆ ಮೊದಲೋ, ಆಮೇಲೋ?

ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಫೋನು ಮೊದಲು. ಯಾಕೆ ಎಂಬುದು ಆ ಮಾತ್ರೆ ದೇಹದೊಳಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿದರೆ ತಾನೇ ಅರ್ಥವಾಗುತ್ತದೆ.

ಮಾತ್ರೆಯ ಕೆಲಸ ಎಷ್ಟು

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟಿಕೊಂಡಿರುತ್ತದೆ. ಒಂದು ದಿನ ಆ ಕೊಬ್ಬಿನ ಗಡ್ಡೆಯ ಮೇಲಿನ ಪೊರೆ ಬಿರಿಯುತ್ತದೆ. ದೇಹ ಇದನ್ನು ಗಾಯವೆಂದೇ ತಿಳಿಯುತ್ತದೆ. ಕೈ ಕೊಯ್ದುಕೊಂಡಾಗ ರಕ್ತ ನಿಲ್ಲಿಸಲು ಓಡಿಬರುವ ಪ್ಲೇಟ್‌ಲೆಟ್‌ಗಳು ಇಲ್ಲಿಗೂ ಓಡಿಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೀಗೆ ಅಂಟಿಕೊಂಡ ಪ್ರತಿ ಪ್ಲೇಟ್‌ಲೆಟ್ ಥ್ರಾಂಬಾಕ್ಸೇನ್ ಎಂಬ ರಾಸಾಯನಿಕವನ್ನು ಬಿಟ್ಟು ಇನ್ನಷ್ಟು ಪ್ಲೇಟ್‌ಲೆಟ್‌ಗಳನ್ನು ಕರೆಯುತ್ತದೆ. ನೋಡನೋಡುತ್ತ ಹೆಪ್ಪು ಬೆಳೆದು ನಾಳ ಮುಚ್ಚುತ್ತದೆ. ಅದರ ಆಚೆಗಿನ ಸ್ನಾಯು ರಕ್ತವಿಲ್ಲದೆ ಸಾಯತೊಡಗುತ್ತದೆ. ಹೃದಯಾಘಾತ ಎಂದರೆ ಇಷ್ಟೇ.

ಆಸ್ಪಿರಿನ್ ಈ ಥ್ರಾಂಬಾಕ್ಸೇನ್ ತಯಾರಿಯನ್ನು ನಿಲ್ಲಿಸುತ್ತದೆ. ಇದನ್ನು ಕಂಡುಹಿಡಿದವರಲ್ಲಿ ಮುಖ್ಯರಾದವರು ಬ್ರಿಟನ್ನಿನ ಜಾನ್ ವೇನ್. 1971ರಲ್ಲಿ ಅವರು ತೋರಿಸಿಕೊಟ್ಟ ವಿಷಯಕ್ಕೆ 1982ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು. ಒಮ್ಮೆ ಆಸ್ಪಿರಿನ್ ತಗುಲಿದ ಪ್ಲೇಟ್‌ಲೆಟ್ ತನ್ನ ಆಯಸ್ಸು ಮುಗಿಯುವವರೆಗೆ, ಅಂದರೆ ಸುಮಾರು ಒಂದು ವಾರದಿಂದ ಹತ್ತು ದಿನ, ಆ ಶಕ್ತಿಯನ್ನು ಮತ್ತೆ ಪಡೆಯುವುದಿಲ್ಲ.

ಹೀಗಾಗಿ ಮಾತ್ರೆ ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. ಈಗಾಗಲೇ ನಾಳ ಮುಚ್ಚಿ ಕೂತಿರುವ ಹೆಪ್ಪನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಕರಗಿಸಲು ಆಸ್ಪತ್ರೆಯ ಚುಚ್ಚುಮದ್ದು ಬೇಕು, ಇಲ್ಲವೇ ಆಂಜಿಯೋಪ್ಲಾಸ್ಟಿ ಮಾಡಿ ನಾಳವನ್ನು ಬಿಡಿಸಬೇಕು. ಬೇಲಿಗೆ ಬಿದ್ದ ಬೆಂಕಿ ತೋಟಕ್ಕೆ ಹಬ್ಬದಂತೆ ಸುತ್ತಲಿನ ಒಣಹುಲ್ಲು ಎಳೆದುಹಾಕುವಷ್ಟು ಕೆಲಸ ಮಾತ್ರೆಯದು. ಬೆಂಕಿ ಆರಿಸಲು ನೀರು ಬರಲೇಬೇಕು.

1988ರ ಪಾಠ

ಈ ಸಲಹೆಗೆಲ್ಲ ಬುನಾದಿ 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಅಧ್ಯಯನ. ಹಲವು ದೇಶಗಳ 417 ಆಸ್ಪತ್ರೆಗಳಲ್ಲಿ, ಹೃದಯಾಘಾತದ ಶಂಕೆಯಿಂದ ದಾಖಲಾದ 17,187 ಜನರ ಮೇಲೆ ನಡೆದದ್ದು. ಕೆಲವರಿಗೆ ಸುಮಾರು 160 ಮಿಲಿಗ್ರಾಂ ಆಸ್ಪಿರಿನ್ ದಿನಕ್ಕೊಂದರಂತೆ ತಿಂಗಳ ಕಾಲ, ಕೆಲವರಿಗೆ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಚುಚ್ಚುಮದ್ದು, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಐದು ವಾರದ ಹೊತ್ತಿಗೆ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸತ್ತವರ ಲೆಕ್ಕ ಹಾಕಿದರೆ, ಆಸ್ಪಿರಿನ್ ಸಿಗದವರಲ್ಲಿ ನೂರಕ್ಕೆ 11.8, ಸಿಕ್ಕವರಲ್ಲಿ 9.4. ಸಾವಿರ ಜನರಿಗೆ ಕೊಟ್ಟರೆ ಸುಮಾರು 24 ಜೀವ ಉಳಿಯಿತು. ಕೆಲವೇ ರೂಪಾಯಿಯ ಮಾತ್ರೆಗೆ ಇದು ದೊಡ್ಡ ಫಲವೇ. ಎರಡೂ ಔಷಧಿ ಸಿಕ್ಕವರಲ್ಲಿ ಸಾವು ಎರಡೂ ಸಿಗದವರಿಗಿಂತ ಶೇಕಡ 42ರಷ್ಟು ಕಡಿಮೆಯಾಗಿತ್ತು.

ಆ ವರದಿಯಲ್ಲಿ ಒಂದು ತಮಾಷೆಯ ಕೋಷ್ಟಕವೂ ಇದೆ. ರೋಗಿಗಳನ್ನು ಸಣ್ಣಸಣ್ಣ ಗುಂಪುಗಳಾಗಿ ಒಡೆದು ಯಾರಿಗೆ ಹೆಚ್ಚು ಉಪಯೋಗ ಎಂದು ನೋಡುವ ಚಟ ಎಷ್ಟು ಅಪಾಯ ಎಂದು ತೋರಿಸಲು, ಸಂಶೋಧಕರು ಹುಟ್ಟಿದ ದಿನಾಂಕದ ಪಾಶ್ಚಾತ್ಯ ರಾಶಿ ಹಿಡಿದು ಲೆಕ್ಕ ಹಾಕಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿಂದ ಏನೂ ಪ್ರಯೋಜನವಿಲ್ಲ, ಉಳಿದ ರಾಶಿಗಳಿಗೆ ಭಾರಿ ಪ್ರಯೋಜನ ಎಂಬ ಉತ್ತರ ಬಂತು! ಆಕಸ್ಮಿಕವಾಗಿ ಏನು ಬೇಕಾದರೂ ಕಾಣಿಸಬಹುದು ಎಂಬುದಕ್ಕೆ ಅದು ಪುರಾವೆ.

ನಮಗೆ ಹೆಚ್ಚು ಬೇಕಾದ್ದು ಅದೇ ವರದಿಯ ಇನ್ನೊಂದು ಅಂಶ. ನೋವು ಶುರುವಾಗಿ ನಾಲ್ಕು ಗಂಟೆಯೊಳಗೆ ಆಸ್ಪಿರಿನ್ ಸಿಕ್ಕವರಿಗೂ ಹನ್ನೆರಡು ಗಂಟೆ ಕಳೆದ ಮೇಲೆ ಸಿಕ್ಕವರಿಗೂ ಆದ ಪ್ರಯೋಜನದಲ್ಲಿ ದೊಡ್ಡ ಅಂತರ ಇರಲಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದಿನ ಕಥೆ ಬೇರೆ. ಮೊದಲ ನಾಲ್ಕು ಗಂಟೆಯೊಳಗೆ ಸಿಕ್ಕವರಿಗೆ ಅದರ ಫಲ ತಡವಾಗಿ ಸಿಕ್ಕವರಿಗಿಂತ ಬಹಳ ಹೆಚ್ಚಾಗಿತ್ತು. ಮಾತ್ರೆ ಐದು ನಿಮಿಷ ತಡವಾದರೆ ಹೆಚ್ಚೇನೂ ಕಳೆದುಹೋಗದು. ಆಸ್ಪತ್ರೆ ಒಂದು ಗಂಟೆ ತಡವಾದರೆ ಸ್ನಾಯು ಹೋಗುತ್ತದೆ. ಮೊದಲು ಫೋನು ಎನ್ನುವುದಕ್ಕೆ ಇದೇ ಕಾರಣ. ಮನೆಯಲ್ಲಿ ಮಾತ್ರೆ ಇಲ್ಲವೆಂದು ನಡುರಾತ್ರಿ ಮಗನನ್ನು ಮೆಡಿಕಲ್ ಶಾಪ್ ಹುಡುಕಲು ಓಡಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಆಂಬುಲೆನ್ಸಿನಲ್ಲೋ ಆಸ್ಪತ್ರೆಯಲ್ಲೋ ಅದು ಸಿಕ್ಕೇ ಸಿಗುತ್ತದೆ.

ಯಾವುದು, ಎಷ್ಟು, ಹೇಗೆ

ದೊಡ್ಡವರಿಗೆ ಒಂದೇ ಸಲಕ್ಕೆ ಸುಮಾರು 300 ಮಿಲಿಗ್ರಾಂ ಸಾಕು. ಅಮೆರಿಕದ ಪ್ರಥಮ ಚಿಕಿತ್ಸೆಯ ಮಾರ್ಗಸೂಚಿ 162ರಿಂದ 325 ಮಿಲಿಗ್ರಾಂ ಎನ್ನುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಡಿಸ್ಪ್ರಿನ್ ಒಂದು ಮಾತ್ರೆ 325ರಿಂದ 350 ಮಿಲಿಗ್ರಾಂ ಇರುತ್ತದೆ, ಒಂದೇ ಸಾಕು. ಇಕೋಸ್ಪ್ರಿನ್ 75 ಇದ್ದರೆ ನಾಲ್ಕು, ಇಕೋಸ್ಪ್ರಿನ್ 150 ಇದ್ದರೆ ಎರಡು. ಹೆಚ್ಚು ತಿಂದರೆ ಹೆಚ್ಚು ಲಾಭವಿಲ್ಲ, ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಮಾತ್ರ ಹೆಚ್ಚು.

ಅಗಿಯುವುದು ಯಾಕೆಂದರೆ ವೇಗಕ್ಕೆ. 325 ಮಿಲಿಗ್ರಾಂ ಮಾತ್ರೆಯನ್ನು ಅಗಿದು ತಿಂದವರಲ್ಲಿ ಥ್ರಾಂಬಾಕ್ಸೇನ್ ಅರ್ಧಕ್ಕೆ ಇಳಿಯಲು ಐದು ನಿಮಿಷ ಸಾಕಾಯಿತು, ಇಡಿಯಾಗಿ ನುಂಗಿದವರಲ್ಲಿ ಹನ್ನೆರಡು ನಿಮಿಷ ಹಿಡಿಯಿತು ಎಂದು ಒಂದು ಸಣ್ಣ ಪ್ರಯೋಗ ತೋರಿಸಿದೆ. ಇಕೋಸ್ಪ್ರಿನ್‌ನಂಥ ಮಾತ್ರೆಗಳಲ್ಲಿ ಇದು ಇನ್ನೂ ಮುಖ್ಯ. ಹೊಟ್ಟೆಗೆ ಉರಿ ತಾಗದಿರಲೆಂದು ಅವುಗಳ ಮೇಲೆ ಹೊಟ್ಟೆಯಲ್ಲಿ ಕರಗದ, ಕರುಳು ಮುಟ್ಟಿದ ಮೇಲೆ ಬಿಚ್ಚಿಕೊಳ್ಳುವ ಲೇಪ ಇರುತ್ತದೆ. ಇಡಿಯಾಗಿ ನುಂಗಿದರೆ ಗಂಟೆಗಳೇ ಹಿಡಿಯಬಹುದು. ಹಲ್ಲಿನಲ್ಲಿ ಚೆನ್ನಾಗಿ ಪುಡಿ ಮಾಡಿದರೆ ಆ ಲೇಪ ಒಡೆಯುತ್ತದೆ. ಹುಳಿ ಮಿಶ್ರಿತ ಕಹಿ ಬಾಯಿಗೆ ಬರುತ್ತದೆ, ಅದು ಸಹಜ. ಪುಡಿಯಾದ ಮೇಲೆ ಎರಡು ಗುಟುಕು ನೀರು ಕುಡಿದು ನುಂಗಬೇಕು. ಹಲ್ಲಿಲ್ಲದ ಹಿರಿಯರಿಗೆ ಡಿಸ್ಪ್ರಿನ್ನನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ ಕೊಡಬಹುದು.

ಎರಡು ಕಡೆ ತಪ್ಪಾಗುತ್ತದೆ. ಒಂದು, ತಲೆನೋವಿನ ಮಾತ್ರೆಗಳೆಲ್ಲ ಒಂದೇ ಎಂದು ಡೋಲೋ, ಕ್ರೋಸಿನ್ ಕೊಡುವುದು. ಅವುಗಳಲ್ಲಿ ಇರುವುದು ಪ್ಯಾರಾಸಿಟಮಾಲ್, ಅದು ಪ್ಲೇಟ್‌ಲೆಟ್‌ಗಳಿಗೆ ಏನೂ ಮಾಡುವುದಿಲ್ಲ. ಐಬುಪ್ರೊಫೆನ್ ಅಂತೂ ಆಸ್ಪಿರಿನ್ ಕೆಲಸಕ್ಕೇ ಅಡ್ಡ ಬರುತ್ತದೆ. ಸ್ಟ್ರಿಪ್ ಮೇಲೆ ಆಸ್ಪಿರಿನ್ ಅಥವಾ ಅಸಿಟೈಲ್ ಸ್ಯಾಲಿಸಿಲಿಕ್ ಆ್ಯಸಿಡ್ ಎಂದು ಬರೆದಿದೆಯೇ ನೋಡಿ. ಕೊಲೆಸ್ಟರಾಲ್ ಔಷಧಿ ಬೆರೆಸಿದ ಕ್ಯಾಪ್ಸೂಲ್‌ಗಳನ್ನು ಬಿಚ್ಚಿ ಲೆಕ್ಕ ಹಾಕುತ್ತ ಕೂರಬೇಡಿ. ಎರಡು, ಪಕ್ಕದ ಮನೆಯವರ ಸಾರ್ಬಿಟ್ರೇಟ್ ತಂದು ನಾಲಿಗೆ ಕೆಳಗೆ ಇಡುವುದು. ಅದು ರಕ್ತದೊತ್ತಡವನ್ನು ಥಟ್ಟನೆ ಇಳಿಸುತ್ತದೆ. ಬಿಪಿ ಈಗಾಗಲೇ ಕಡಿಮೆ ಇದ್ದವರು, ಕೆಲವು ಬಗೆಯ ಹೃದಯಾಘಾತವಾದವರು, ವಯಾಗ್ರಾದಂಥ ಮಾತ್ರೆ ತೆಗೆದುಕೊಂಡವರು ಅದರಿಂದ ಕುಸಿದುಬೀಳಬಹುದು. ವೈದ್ಯರು ನಿಮಗೆಂದೇ ಬರೆದುಕೊಟ್ಟಿದ್ದರೆ ಮಾತ್ರ ಅದು ನಿಮ್ಮ ಮಾತ್ರೆ.

ಯಾರಿಗೆ ಬೇಡ

ಮಾತ್ರೆ ಬಾಯಿಗೆ ಹಾಕುವ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಮನೆಯಲ್ಲಿ ಕೊಡಬೇಡಿ, ನಿರ್ಧಾರ ವೈದ್ಯರಿಗೆ ಬಿಡಿ.

ಆಸ್ಪಿರಿನ್ ಅಥವಾ ಬೇರೆ ನೋವಿನ ಮಾತ್ರೆ ತಿಂದಾಗ ಹಿಂದೆ ಯಾವತ್ತಾದರೂ ಮೈ ದದ್ದರಿಸಿದ್ದು, ಮುಖ ಊದಿದ್ದು, ಉಬ್ಬಸ ಬಂದದ್ದು ಉಂಟೇ? ಆಸ್ತಮಾ ಇರುವವರೆಲ್ಲರಿಗೂ ಆಸ್ಪಿರಿನ್ ಆಗುವುದಿಲ್ಲವೆಂದಲ್ಲ, ಆದರೆ ಕೆಲವರಿಗೆ ಅದೇ ಮಾತ್ರೆ ಉಸಿರುಗಟ್ಟಿಸುತ್ತದೆ.

ಈಚೆಗೆ ರಕ್ತವಾಂತಿಯಾಗಿದೆಯೇ, ಮಲ ಡಾಂಬರಿನಂತೆ ಕಪ್ಪಾಗಿ ಹೋಗಿದೆಯೇ, ಹೊಟ್ಟೆಹುಣ್ಣಿಗೆ ಚಿಕಿತ್ಸೆ ನಡೆಯುತ್ತಿದೆಯೇ? ಇಲ್ಲಿ ಒಂದು ಸ್ಪಷ್ಟನೆ ಬೇಕು. ನಮ್ಮಲ್ಲಿ ಅರ್ಧ ಊರಿಗೆ ‘ಗ್ಯಾಸ್ಟ್ರಿಕ್’ ಇರುತ್ತದೆ. ಊಟವಾದ ಮೇಲೆ ಎದೆ ಉರಿ, ಹುಳಿ ತೇಗು ಇದ್ದ ಮಾತ್ರಕ್ಕೆ ಒಂದು ಸಲದ ಮಾತ್ರೆಗೆ ಅಡ್ಡಿಯಿಲ್ಲ. ಅಡ್ಡಿ ಇರುವುದು ರಕ್ತ ಸೋರುತ್ತಿರುವ, ಸೋರಿದ ಹುಣ್ಣಿಗೆ.

ಹೃದಯದ ಕವಾಟ ಬದಲಿಸಿಕೊಂಡು ಅಸಿಟ್ರಾಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆಯೇ? ಅಪಿಕ್ಸಬಾನ್, ಡಾಬಿಗಾಟ್ರಾನ್‌ನಂಥ ಹೊಸ ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಇದ್ದಾರೆಯೇ? ಹಿಮೋಫಿಲಿಯಾದಂಥ ರಕ್ತಸ್ರಾವದ ಕಾಯಿಲೆ, ಹಿಂದೆ ಮೆದುಳಿನಲ್ಲಿ ರಕ್ತಸ್ರಾವ, ಈಚಿನ ದೊಡ್ಡ ಆಪರೇಷನ್ ಇದೆಯೇ? ಡೆಂಗಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದಿದೆಯೇ? ಇವರಾರಿಗೂ ಮನೆಯವರೇ ಕೊಡಬಾರದು. ಮಕ್ಕಳಿಗಂತೂ ಕೊಡಲೇಬಾರದು. ಗರ್ಭಿಣಿಯಾದರೆ ಕೇಳದೆ ಕೊಡಬಾರದು. ದಿನಾ ಇಕೋಸ್ಪ್ರಿನ್ 75 ತೆಗೆದುಕೊಳ್ಳುವವರ ವಿಷಯ ಬೇರೆ. ಮೇಲಿನ ಅಡ್ಡಿಗಳಿಲ್ಲದಿದ್ದರೆ ಅವರಿಗೂ ಈ ಹೊತ್ತಿಗೆ ಪೂರ್ತಿ ಪ್ರಮಾಣ ಕೊಡುವ ರೂಢಿಯಿದೆ, ಆದರೆ ಆಂಬುಲೆನ್ಸಿನವರಿಗೆ ಹೇಳಬೇಕು.

ಇನ್ನು ಕೊನೆಯದು, ನೋವೇ ಬೇರೆ ಬಗೆಯದಾಗಿದ್ದರೆ. ಹೃದಯಾಘಾತದ ನೋವು ಸಾಮಾನ್ಯವಾಗಿ ಭಾರ ಹೇರಿದಂತೆ, ಹಿಂಡಿದಂತೆ ಎದೆ ನಡುವೆ ಶುರುವಾಗಿ ನಿಮಿಷಗಳಲ್ಲಿ ಏರುತ್ತದೆ. ಎಡಗೈ, ದವಡೆ, ಬೆನ್ನಿಗೆ ಹರಿಯಬಹುದು. ತಣ್ಣನೆ ಬೆವರು ಕಿತ್ತುಕೊಂಡು ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವು ಅಷ್ಟಾಗಿ ಇಲ್ಲದೆ ಬರೀ ಏದುಸಿರು, ವಾಕರಿಕೆ, ವಿಪರೀತ ಸುಸ್ತು ಆಗಬಹುದು. ಆದರೆ ನೋವು ಬಂದ ಕ್ಷಣದಲ್ಲೇ ಅತ್ಯಂತ ತೀವ್ರವಾಗಿದ್ದು, ಬಟ್ಟೆ ಹರಿದಂತೆ ಬೆನ್ನಿನ ಎರಡು ರೆಕ್ಕೆಗಳ ನಡುವೆ ಸೀಳಿಕೊಂಡು ಹೋದರೆ, ಅದು ಮಹಾಪಧಮನಿಯ ಗೋಡೆ ಸೀಳಿರುವ ಸೂಚನೆ ಇರಬಹುದು. ಅಲ್ಲಿ ಆಸ್ಪಿರಿನ್ ಕೆಡುಕು ಮಾಡೀತು. ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋಗಿ, ಮಾತು ತೊದಲಿದರೆ ಅದು ಲಕ್ವ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಎಂದು ಸ್ಕ್ಯಾನ್ ಹೇಳುವವರೆಗೆ ಅಲ್ಲಿಯೂ ಆಸ್ಪಿರಿನ್ ಇಲ್ಲ. ಎರಡರಲ್ಲೂ ಫೋನು ಮಾತ್ರ ಅಷ್ಟೇ ತುರ್ತು.

ಒಂದು ಬೆಳಗ್ಗೆ

ಮಲೆನಾಡಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಾಲ್ಲೂಕು ಕೇಂದ್ರಕ್ಕೆ 20 ಕಿಲೋಮೀಟರ್. ಮನೆಯ ಯಜಮಾನರಿಗೆ 58 ವರ್ಷ, ಬಿಪಿ ಮಾತ್ರೆ ನುಂಗುತ್ತಾರೆ, ಎಲೆ-ಅಡಿಕೆಯ ಜತೆ ತಂಬಾಕು ಹಾಕುತ್ತಾರೆ. ಬೆಳಗಿನ 5.10ಕ್ಕೆ ಎದೆಯಲ್ಲಿ ಕಲ್ಲು ಹೇರಿದಂತೆ ಆಗಿ ಎದ್ದು ಕೂತರು. ಬನಿಯನ್ ಬೆವರಿಗೆ ತೊಯ್ದಿದೆ.

“ರಾತ್ರಿ ಹಲಸಿನಹಣ್ಣು ತಿಂದ್ರಲ್ಲ, ಗ್ಯಾಸ್ ಇರಬೇಕು ಕಣ್ರೀ. ಜೀರಿಗೆ ಕಷಾಯ ಮಾಡ್ತೀನಿ,” ಎಂದರು ಹೆಂಡತಿ.

ಸೊಸೆ ಮಾವನ ಮುಖ ನೋಡಿದಳು. “ಅತ್ತೆ, ಕಷಾಯ ಇರಲಿ. ಹದಿನೈದು ನಿಮಿಷ ಆಯ್ತು, ಕಡಿಮೆ ಆಗಿಲ್ಲ, ಇಷ್ಟು ಬೆವರಿದೆ. ನಾನು ಫೋನ್ ಮಾಡ್ತೀನಿ.”

5.25ಕ್ಕೆ 108ಕ್ಕೆ ಕರೆ. ಆ ಕಡೆಯವರಿಗೆ ಮೊದಲು ಬೇಕಾದದ್ದು ಜಾಗ: ಜಿಲ್ಲೆ, ತಾಲ್ಲೂಕು, ಊರು, ಗುರುತಿಗೆ ಶಾಲೆಯೋ ದೇವಸ್ಥಾನವೋ. ಆಮೇಲೆ ರೋಗಿಯ ವಯಸ್ಸು, ಏನಾಗಿದೆ, ಎಚ್ಚರ ಇದೆಯೇ, ಉಸಿರಾಡುತ್ತಿದ್ದಾರೆಯೇ. ಆಕೆ “ಗಾಬರಿ ಆಗಿದೆ, ಬೇಗ ಬನ್ನಿ” ಎಂದು ಫೋನ್ ಇಡಲಿಲ್ಲ. “58 ವರ್ಷದ ಗಂಡಸರು, ಕಾಲು ಗಂಟೆಯಿಂದ ಎದೆನೋವು, ತುಂಬ ಬೆವರಿದ್ದಾರೆ, ಎಚ್ಚರ ಇದ್ದಾರೆ,” ಎಂದಳು. ಗಾಡಿ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಎಂದೂ ಕೇಳಿದಳು. ಅರ್ಧ ಗಂಟೆ ಎಂದರು. ಮಾತ್ರೆ ಕೊಡಬಹುದೇ ಎಂದು ಕೇಳಿದಳು.

ಫೋನ್ ಸ್ಪೀಕರಿನಲ್ಲಿ ಇರುವಾಗಲೇ ಪ್ರಶ್ನೆಗಳು ನಡೆದವು. ಅಲರ್ಜಿ ಇಲ್ಲ. ಉಬ್ಬಸ ಇಲ್ಲ. ಕಪ್ಪು ಮಲ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ಇಲ್ಲ. ನೋವು ಬೆನ್ನು ಸೀಳುತ್ತಿಲ್ಲ, ಮಾತು ನೆಟ್ಟಗಿದೆ. 5.29ಕ್ಕೆ ಒಂದು ಡಿಸ್ಪ್ರಿನ್ ಅಗಿದರು. ಸೊಸೆ ಹೊತ್ತನ್ನು ಕಾಗದದ ಮೇಲೆ ಬರೆದು, ಅದಕ್ಕೆ ಸ್ಟ್ರಿಪ್ ಸುತ್ತಿಟ್ಟಳು. ಮಾವನನ್ನು ನಡೆಸಲಿಲ್ಲ, ಗೋಡೆಗೆ ಒರಗಿಸಿ ಮೊಣಕಾಲು ಮಡಿಸಿ ಕೂರಿಸಿದಳು. ತಿನ್ನಲು ಕುಡಿಯಲು ಇನ್ನೇನೂ ಕೊಡಲಿಲ್ಲ. ಒಬ್ಬರು ಟಾರ್ಚ್ ಹಿಡಿದು ರಸ್ತೆಯ ತಿರುವಿಗೆ ಹೋದರು.

5.40ಕ್ಕೆ ಯಜಮಾನರು, “ಸ್ವಲ್ಪ ತಗ್ಗಿದೆ ಕಣೇ, ಗಾಡಿ ಬೇಡ ಅನ್ನು,” ಎಂದರು. ಎಷ್ಟೋ ಮನೆಗಳಲ್ಲಿ ಕಥೆ ಕೆಡುವುದು ಇಲ್ಲಿಯೇ. ಆಸ್ಪಿರಿನ್ ಆ ಪ್ರಮಾಣದಲ್ಲಿ ಹೃದಯದ ನೋವು ಇಳಿಸುವುದಿಲ್ಲ. ಹೆಪ್ಪು ಅಲ್ಪಸ್ವಲ್ಪ ಸರಿದರೆ ನೋವು ಕಡಿಮೆಯಾಗಿ ಮತ್ತೆ ಏರುವುದುಂಟು. ನೋವು ಇಳಿದದ್ದು ಗ್ಯಾಸ್ ಎಂಬುದಕ್ಕೂ ಸಾಕ್ಷಿಯಲ್ಲ, ಮಾತ್ರೆ ಗುಣ ಮಾಡಿತು ಎಂಬುದಕ್ಕೂ ಸಾಕ್ಷಿಯಲ್ಲ. ಸೊಸೆ ಗಾಡಿ ತಡೆಯಲಿಲ್ಲ.

ಆರರ ಹೊತ್ತಿಗೆ ಗಾಡಿ ಬಂತು, 6.40ಕ್ಕೆ ತಾಲ್ಲೂಕು ಆಸ್ಪತ್ರೆ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಜಗತ್ತಿನ ಎಲ್ಲೆಡೆಯ ನಿಯಮ. ಕರ್ನಾಟಕದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಆ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಅವರು ನಾಳ ಪೂರ್ತಿ ಮುಚ್ಚಿದೆ ಎಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಆಂಜಿಯೋಗ್ರಾಂ ಸೌಲಭ್ಯ ಇರುವಲ್ಲಿಗೆ ಕಳಿಸುತ್ತಾರೆ. ನಮ್ಮ ಯಜಮಾನರಿಗೆ ಏಳು ಗಂಟೆಗೆ ಮುದ್ದು ಬಿತ್ತು. ನೋವು ಶುರುವಾಗಿ ಎರಡು ಗಂಟೆಯೂ ಆಗಿರಲಿಲ್ಲ. ಕಷಾಯ, ಸೋಡಾ, ಎದೆಗೆ ಎಣ್ಣೆ ತಿಕ್ಕುವುದು ಮುಗಿಸಿ ಹತ್ತಕ್ಕೆ ಹೊರಟಿದ್ದರೆ ಅದೇ ಮುದ್ದು ಅಷ್ಟು ಸ್ನಾಯುವನ್ನು ಉಳಿಸುತ್ತಿರಲಿಲ್ಲ.

ಸ್ವಂತ ಗಾಡಿಯೋ, ಆಂಬುಲೆನ್ಸೋ

ಹೃದಯಾಘಾತದ ಮೊದಲ ಗಂಟೆಗಳಲ್ಲಿ ಹೃದಯದ ಲಯ ತಪ್ಪಿ ಒಮ್ಮೆಲೇ ನಿಂತುಹೋಗುವ ಅಪಾಯ ಹೆಚ್ಚು. ಮನೆಯ ಕಾರಿನ ಹಿಂದಿನ ಸೀಟಿನಲ್ಲಿ ಹಾಗಾದರೆ ಮಾಡುವುದೇನೂ ಇರುವುದಿಲ್ಲ. ಆಂಬುಲೆನ್ಸಿನಲ್ಲಿ ಆಮ್ಲಜನಕ ಇರುತ್ತದೆ, ತರಬೇತಾದವರು ಇರುತ್ತಾರೆ, ಸುಸಜ್ಜಿತ ಗಾಡಿಯಾದರೆ ವಿದ್ಯುತ್ ಆಘಾತ ಕೊಡುವ ಯಂತ್ರವೂ ಇರುತ್ತದೆ. ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಸೇವೆ 2008ರಿಂದ ಇದೆ. 112ಕ್ಕೆ ಮಾಡಿದರೂ ತುರ್ತು ಸೇವೆಗೆ ಕರೆ ಹೋಗುತ್ತದೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿರುವ ತಂದೆತಾಯಿಗೆ 911, ಬ್ರಿಟನ್ನಿನಲ್ಲಿ 999 ಎಂಬುದು ಗೊತ್ತಿರಬೇಕು. ಅಲ್ಲಿ ಆ ಕಡೆಯವರೇ ಪ್ರಶ್ನೆ ಕೇಳಿ ಆಸ್ಪಿರಿನ್ ಅಗಿಯಲು ಹೇಳುವುದುಂಟು.

ಗಾಡಿ ಬರಲು ಒಂದು ಗಂಟೆ ಎಂದರೆ ಕಾಯುತ್ತ ಕೂರಬಾರದು. ಬೇರೆಯವರು ಓಡಿಸುವ ಕಾರಿನಲ್ಲಿ ಹೊರಡಿ, ಸಾಧ್ಯವಾದರೆ ದಾರಿಯಲ್ಲಿ ಆಂಬುಲೆನ್ಸ್ ಸಿಗುವಂತೆ ಮಾತಾಡಿಕೊಳ್ಳಿ. ರೋಗಿ ತಾನೇ ಓಡಿಸಬಾರದು, ಬೈಕಿನ ಹಿಂದೆ ಕೂರಿಸಲೂಬಾರದು. ಹತ್ತಿರದ ಕ್ಲಿನಿಕ್ಕಿಗಿಂತ ಇಸಿಜಿ ಮತ್ತು ಚುಚ್ಚುಮದ್ದು ಇರುವ ಆಸ್ಪತ್ರೆಯೇ ಗುರಿಯಾಗಿರಲಿ. ರೋಗಿ ಎಚ್ಚರ ತಪ್ಪಿ ಉಸಿರು ನಿಂತರೆ ಬಾಯಿಗೆ ಮಾತ್ರೆಯೂ ನೀರೂ ಹಾಕಬೇಡಿ. ನೆಲದ ಮೇಲೆ ಅಂಗಾತ ಮಲಗಿಸಿ, ಎದೆ ಮಧ್ಯದ ಮೂಳೆಯ ಮೇಲೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ ಒತ್ತುತ್ತಿರಿ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಸಂದೇಶವನ್ನು ಅಳಿಸಿಹಾಕಿ.

ದಿನಾ ತಿನ್ನುವ ಮಾತ್ರೆ ಅಲ್ಲ

ಆಪತ್ತಿಗೆ ಇಷ್ಟು ಒಳ್ಳೆಯದಾದರೆ ದಿನಾ ಒಂದು ತಿಂದರೆ ಬರುವುದೇ ಇಲ್ಲವಲ್ಲ ಎಂದು ಕೆಲವರು ಶುರುಮಾಡಿಕೊಳ್ಳುತ್ತಾರೆ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,000ಕ್ಕೂ ಹೆಚ್ಚು ಆರೋಗ್ಯವಂತ ಹಿರಿಯರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಆ್ಯಸ್ಪ್ರೀ ಅಧ್ಯಯನದಲ್ಲಿ ದಿನದ ಸಣ್ಣ ಆಸ್ಪಿರಿನ್ ಹೃದಯದ ಕಾಯಿಲೆಯನ್ನು ಗಮನಾರ್ಹವಾಗಿ ಕಡಿಮೆ ಮಾಡಲಿಲ್ಲ, ದೊಡ್ಡ ರಕ್ತಸ್ರಾವವನ್ನು ಮಾತ್ರ ಹೆಚ್ಚಿಸಿತು. ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಹೃದಯಾಘಾತ ಆದವರು ವೈದ್ಯರು ಬರೆದ ಮಾತ್ರೆಯನ್ನು ಬಿಡಬಾರದು. ಏನೂ ಇಲ್ಲದವರು ತಾವೇ ಶುರುಮಾಡಬಾರದು.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ನಲವತ್ತು ದಾಟಿದ ಮನೆಮಂದಿಯ ಹೆಸರು ಒಂದು ಹಾಳೆಯಲ್ಲಿ ಬರೆದು, ಮೇಲಿನ ಪ್ರಶ್ನೆಗಳನ್ನು ಒಬ್ಬೊಬ್ಬರಿಗೂ ಕೇಳಿ, ಹೆಸರಿನ ಮುಂದೆ ‘ಆಸ್ಪಿರಿನ್ ಸರಿ’ ಅಥವಾ ‘ಆಸ್ಪಿರಿನ್ ಬೇಡ’ ಎಂದು ಗುರುತು ಹಾಕಿ. ಅನುಮಾನ ಇದ್ದವರದ್ದನ್ನು ಮುಂದಿನ ಸಲ ವೈದ್ಯರ ಬಳಿ ಕೇಳಿ ತುಂಬಿಸಿ. ಅವಧಿ ಮುಗಿಯದ ಒಂದು ಸ್ಟ್ರಿಪ್ಪಿನ ಜತೆ ಆ ಹಾಳೆಯನ್ನು ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಹಾಳೆಯ ತಲೆಯ ಮೇಲೆ, ಹೆಸರುಗಳಿಗಿಂತ ಮೊದಲು, ದೊಡ್ಡದಾಗಿ 108 ಎಂದು ಬರೆಯಿರಿ. ಅದರ ಕೆಳಗೆ ನಿಮ್ಮ ಮನೆಯ ಪೂರ್ತಿ ವಿಳಾಸ ಮತ್ತು ಗುರುತಿನ ಜಾಗ ಇರಲಿ, ಏಕೆಂದರೆ ಗಾಬರಿಯಲ್ಲಿ ಸ್ವಂತ ಮನೆಯ ವಿಳಾಸವೂ ಬಾಯಿಗೆ ಬರುವುದಿಲ್ಲ.